ಹೂ ಬಿಟ್ಟ ತೋಟದಲ್ಲಿ ಒಂದು ‘ಪರವಾಗಿಲ್ಲ’

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ರೋಬಸ್ಟಾ ಕಾಫಿ ತೋಟ ಪೂರ್ತಿ ಹೂ ಬಿಟ್ಟಿದೆ. ಕೊಂಬೆ ಕೊಂಬೆಗೂ ಬಿಳಿ ಹೂವಿನ ದಂಡೆ. ಎಲೆ ಕಾಣುವುದೇ ಇಲ್ಲ. ಜೇನುಹುಳದ ಸದ್ದು ಮೈಕಿನಲ್ಲಿ ಎಷ್ಟು ಜೋರಾಗಿದೆ ಅಂದರೆ ಮೊದಲು ಅದು ರೆಕಾರ್ಡಿಂಗಿನ ದೋಷ ಅಂದುಕೊಂಡಿದ್ದೆ. ಎಂಬತ್ತು ದಾಟಿದ ಅಜ್ಜ ಒಬ್ಬರು ಗಿಡದ ಪಕ್ಕ ನಿಂತಿದ್ದಾರೆ. ಕ್ಯಾಮೆರಾ ಹಿಂದಿನಿಂದ ಒಬ್ಬ ಹುಡುಗಿ ಕೇಳುತ್ತಾಳೆ: “ಈ ಸಲ ಹೂ ಹೇಗೆ ಬಂದಿದೆ ಅಜ್ಜ?” ಅಜ್ಜ ಒಂದು ಕೊಂಬೆಯನ್ನು ಬಗ್ಗಿಸಿ, ಗೆಣ್ಣು ಗೆಣ್ಣು ನೋಡಿ, ಮೆಲ್ಲಗೆ ಬಿಡುತ್ತಾರೆ.

“ಪರವಾಗಿಲ್ಲ.”

ಅಷ್ಟೇ. ಆಮೇಲೆ ಎರಡು ಸೆಕೆಂಡು ಮಾತಿಲ್ಲ. ಅವರು ತೋಟ ನೋಡುತ್ತಾ ನಿಂತೇ ಇರುತ್ತಾರೆ.

ನಾನು ಮಡಿಕೇರಿಯಲ್ಲಿ ಕೂತು ಕನ್ನಡದ ಸಣ್ಣ ಸಾಕ್ಷ್ಯಚಿತ್ರಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಬರೆಯುತ್ತೇನೆ. ಇದು 22 ನಿಮಿಷದ ಚಿತ್ರ. ಈ ಜಾಗಕ್ಕೆ ನಾನು ಮೊದಲು ಬರೆದದ್ದು ‘ಇಟ್ಸ್ ಓಕೆ’ ಅಂತ. ತಪ್ಪು ಅನ್ನಿಸಲಿಲ್ಲ. ಪರವಾಗಿಲ್ಲ ಅಂದರೆ ಓಕೆ ತಾನೇ? ಚಿತ್ರ ಮಾಡಿದ ಹುಡುಗಿ ಅದನ್ನು ಕನ್ನಡ ಬಾರದ ನಾಲ್ಕೈದು ಸ್ನೇಹಿತರಿಗೆ ತೋರಿಸಿದಳು. ಆಮೇಲೆ ಫೋನ್ ಮಾಡಿ ಹೇಳಿದಳು: “ಅಕ್ಕ, ಎಲ್ಲರೂ ಒಂದೇ ಪ್ರಶ್ನೆ ಕೇಳ್ತಿದ್ದಾರೆ. ತೋಟ ಅಷ್ಟು ಚಂದ ಹೂ ಬಿಟ್ಟಿದೆ, ಅಜ್ಜನಿಗೆ ಯಾಕೆ ಬೇಜಾರು ಅಂತ.”

ಅಜ್ಜನಿಗೆ ಬೇಜಾರಿರಲಿಲ್ಲ. ಆ ವರ್ಷ ಅವರು ತಮ್ಮ ತೋಟದ ಬಗ್ಗೆ ಆಡಿದ ಅತಿ ದೊಡ್ಡ ಹೊಗಳಿಕೆ ಅದು. ನನ್ನ ಎರಡು ಪದ ಅದನ್ನು ದೂರಿನ ಮಾತಾಗಿ ಮಾಡಿಬಿಟ್ಟಿತ್ತು. ಆವತ್ತಿನಿಂದ ಸುಮಾರು ಒಂದು ವಾರ ಈ ಒಂದೇ ಮಾತಿನ ಹಿಂದೆ ಬಿದ್ದಿದ್ದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ ಕೆಲಸ, ಇಡೀ ಚಿತ್ರದಲ್ಲಿ ಅಜ್ಜ ಎಷ್ಟು ಸಲ ‘ಪರವಾಗಿಲ್ಲ’ ಅಂದಿದ್ದಾರೆ ಅಂತ ಹುಡುಕಿದ್ದು. ನಾಲ್ಕು ಕಡೆ ಸಿಕ್ಕಿತು.

ಮೂರನೇ ನಿಮಿಷದಲ್ಲಿ ಕ್ಯಾಮೆರಾ ಸ್ಟ್ಯಾಂಡಿನ ಕಾಲು ತಾಗಿ ನರ್ಸರಿಯ ಒಂದು ಗಿಡ ಉರುಳುತ್ತದೆ. “ಅಯ್ಯೋ, ಸಾರಿ ಅಜ್ಜ” ಅನ್ನುತ್ತಾಳೆ ಹುಡುಗಿ. “ಪರವಾಗಿಲ್ಲ ಪರವಾಗಿಲ್ಲ.” ಇದು ಕ್ಷಮೆಗೆ ಕೊಟ್ಟ ಉತ್ತರ. ಎರಡು ಸಲ, ಬೇಗ ಬೇಗ. ಒಂಬತ್ತನೇ ನಿಮಿಷದಲ್ಲಿ ಕಾಫಿ ಬೆಲೆಯ ಮಾತು: “ಈ ವರ್ಷ ರೇಟು ಪರವಾಗಿಲ್ಲ. ಆದ್ರೆ ಆಳು ಸಿಗಬೇಕಲ್ಲ.” ಇಲ್ಲಿ ಅದು ನಡುಮಟ್ಟ. ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಹದಿನಾಲ್ಕನೇ ನಿಮಿಷದಲ್ಲಿ ಹೂವಿನ ಮಾತು. ಹತ್ತೊಂಬತ್ತನೇ ನಿಮಿಷಕ್ಕೆ ಮಳೆ ಶುರುವಾಗಿದೆ, ಗಿಡದಿಂದ ಚಿಗುರು ತೆಗೆಯುವ ಕೆಲಸ ನಡೆದಿದೆ. ಮೊಮ್ಮಗಳು ಒಂದು ಸಾಲು ಪೂರ್ತಿ ಮುಗಿಸಿ ಬಂದಿದ್ದಾಳೆ. ಬೇಕಾದ ಕೊಂಬೆ ಒಂದೂ ಮುರಿದಿಲ್ಲ. ಅಜ್ಜ ನೋಡಿ “ಪರವಾಗಿಲ್ವೇ ನೀನು!” ಅನ್ನುತ್ತಾರೆ. ಅವಳ ಮುಖ ಅರಳುತ್ತದೆ.

ಒಂದೇ ಮಾತು, ನಾಲ್ಕು ಅರ್ಥ. ಕ್ಷಮೆ, ನಡುಮಟ್ಟ, ದೊಡ್ಡ ಹೊಗಳಿಕೆ, ಅಚ್ಚರಿ ಸೇರಿದ ಹೊಗಳಿಕೆ. ಒಂದು ಚಿತ್ರದಲ್ಲಿ ಒಂದು ಪದಕ್ಕೆ ಒಂದೇ ಅನುವಾದ ಇಟ್ಟುಕೊಳ್ಳುವುದು ನಮ್ಮ ಕೆಲಸದಲ್ಲಿ ಒಳ್ಳೆಯ ಅಭ್ಯಾಸ. ಇಲ್ಲಿ ಅದೇ ನನ್ನನ್ನು ದಾರಿ ತಪ್ಪಿಸಿತ್ತು. ಬೆಲೆಯ ಮಾತಿಗೆ ಹಾಕಿದ್ದ ‘ಓಕೆ’ಯನ್ನೇ ಹೂವಿಗೂ ಹಾಕಿದ್ದೆ.

ಹಾಗಾದರೆ ಬೆಲೆಯ ಪರವಾಗಿಲ್ಲಕ್ಕೂ ಹೂವಿನ ಪರವಾಗಿಲ್ಲಕ್ಕೂ ವ್ಯತ್ಯಾಸ ಇದೆ ಅಂತ ನಮಗೆ ಗೊತ್ತಾಗುವುದು ಹೇಗೆ? ಕೊಡಗಿನಲ್ಲಿ ಬೆಳೆದವರಿಗೆ ಕೇಳಿದ ಕೂಡಲೇ ಗೊತ್ತಾಗುತ್ತದೆ. ಆದರೆ ಹೇಗೆ ಅಂತ ಕೇಳಿದರೆ ಹೇಳುವುದು ಕಷ್ಟ. ನನಗೆ ಸಹಾಯ ಮಾಡಿದ್ದು ಒಂದು ಸಣ್ಣ ಪರೀಕ್ಷೆ. ಮಾತಿನ ಹಿಂದೆ ‘ಆದ್ರೆ’ ಸೇರಿಸಿ ನೋಡುವುದು. “ರೇಟು ಪರವಾಗಿಲ್ಲ, ಆದ್ರೆ...” ಸಲೀಸಾಗಿ ಕೂರುತ್ತದೆ. ಅಜ್ಜನೇ ಸೇರಿಸಿದ್ದಾರೆ. ಹೂವಿನ ಕೊಂಬೆ ಬಿಟ್ಟು “ಪರವಾಗಿಲ್ಲ” ಅಂದಮೇಲೆ ಅಲ್ಲಿ ‘ಆದ್ರೆ’ ಕೂರುವುದಿಲ್ಲ. ಅಲ್ಲಿ ಕೂರುವುದು ‘ನೋಡು’ ಅನ್ನೋ ಮಾತು, ಇಲ್ಲವೇ ಮೌನ. ಅವರು ಮೌನ ಇಟ್ಟರು. ನಡುಮಟ್ಟದ ವಸ್ತುವನ್ನು ಯಾರೂ ಅಷ್ಟು ಹೊತ್ತು ನೋಡುತ್ತಾ ನಿಲ್ಲುವುದಿಲ್ಲ.

ಇನ್ನೊಂದು ದಾರಿ ಸ್ವಲ್ಪ ಉದ್ದದ್ದು. ಹುಡುಗಿಯಿಂದ ಚಿತ್ರೀಕರಣದ ಪೂರ್ತಿ ಆಡಿಯೊ ತರಿಸಿಕೊಂಡೆ, ಸುಮಾರು ಆರು ಗಂಟೆಯದ್ದು. ಅಜ್ಜ ಯಾವುದೇ ವಸ್ತುವಿನ ಬಗ್ಗೆ ಒಳ್ಳೆಯದು ಕೆಟ್ಟದು ಹೇಳಿದ ಕಡೆಯೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಅವರ ಏಣಿ ಹೀಗಿತ್ತು. ಕೆಳಗೆ ‘ಹಾಳಾಯ್ತು’. ಅದರ ಮೇಲೆ ‘ಅಷ್ಟಕ್ಕಷ್ಟೇ’. ಅದರ ಮೇಲೆ ‘ಏನೋ ಉಂಟು’. ಎಲ್ಲಕ್ಕಿಂತ ಮೇಲೆ ‘ಪರವಾಗಿಲ್ಲ’. ‘ಚೆನ್ನಾಗಿದೆ’ ಅಂತ ಆರು ಗಂಟೆಯಲ್ಲಿ ಮೂರು ಸಲ ಅಂದಿದ್ದಾರೆ. ಮೂರೂ ಬೇರೆಯವರ ವಸ್ತುವಿಗೆ. ಪಕ್ಕದ ಮನೆಯವರ ಹೊಸ ಕಣಕ್ಕೆ, ಹುಡುಗಿಯ ಕ್ಯಾಮೆರಾಕ್ಕೆ, ನೆಂಟರ ಮನೆಯ ಊಟಕ್ಕೆ. ತನ್ನ ತೋಟಕ್ಕೆ, ತನ್ನ ಮನೆಯವರಿಗೆ ಒಂದು ಸಲವೂ ಇಲ್ಲ.

ಇದನ್ನು ಬರೆದು ಮುಗಿಸಿದಾಗ ನನಗೆ ಸಂತೋಷವಾಯಿತು. ಒಂದು ಮಾತು ಎಷ್ಟು ದೊಡ್ಡದು ಅಂತ ಅದರ ನಿಘಂಟಿನ ಅರ್ಥದಿಂದ ಗೊತ್ತಾಗುವುದಿಲ್ಲ. ಹೇಳುವವರ ಏಣಿಯಲ್ಲಿ ಅದಕ್ಕಿಂತ ಮೇಲೆ ಇನ್ನೇನಾದರೂ ಇದೆಯಾ ಅನ್ನುವುದರಿಂದ ಗೊತ್ತಾಗುತ್ತದೆ. ಎಲ್ಲದಕ್ಕೂ ‘ಸೂಪರ್’ ಅನ್ನುವ ಮನುಷ್ಯ ‘ಪರವಾಗಿಲ್ಲ’ ಅಂದರೆ ಆ ವಸ್ತು ಬಿದ್ದುಹೋಯಿತು ಅಂತಲೇ ಅರ್ಥ. ಈ ಅಜ್ಜ ಅಂದರೆ ಅದು ಶಿಖರ.

ಅವರು ಯಾಕೆ ಚೆನ್ನಾಗಿದೆ ಅನ್ನುವುದಿಲ್ಲ? ದೃಷ್ಟಿ ತಾಗುತ್ತದೆ ಅನ್ನುವುದು ಒಂದು ಕಾರಣ. ಮಗು ದುಂಡಗಿದೆ ಅಂತ ಎದುರಿಗೇ ಹೇಳಬಾರದು, ತುಂಬಿದ ತೋಟವನ್ನು ಬಾಯ್ತುಂಬ ಹೊಗಳಬಾರದು ಅಂತ ನಮ್ಮಲ್ಲಿ ಇದ್ದೇ ಇದೆ. ಆದರೆ ಕಾಫಿಯವರಿಗೆ ಇನ್ನೂ ಗಟ್ಟಿಯಾದ ಕಾರಣ ಇದೆ. ಹೂ ಬಂದರೆ ಬೆಳೆ ಬಂದಹಾಗಲ್ಲ.

ಇಲ್ಲಿ ಮಳೆಯನ್ನು ಈಗಲೂ ಇಂಚು, ಸೆಂಟ್ಸ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್. “ನಿಮ್ಮಲ್ಲಿ ಎಷ್ಟು ಬಿತ್ತು?” “ಒಂದು ಇಂಚು ಇಪ್ಪತ್ತು ಸೆಂಟ್ಸ್.” ಬೇಸಿಗೆಯಲ್ಲಿ ಒಂದು ಇಂಚಿನಷ್ಟಾದರೂ ಹೂ ಮಳೆ ಬಿದ್ದರೆ, ಅದಾಗಿ ಎಂಟು ಹತ್ತು ದಿನಕ್ಕೆ ಮೊಗ್ಗು ಬಿರಿಯುತ್ತದೆ. ಮಳೆ ಸಾಲದೇ ಹೋದರೆ ಮೊಗ್ಗು ಅರ್ಧಕ್ಕೇ ನಿಂತು ಕರಟುತ್ತದೆ. ಹೂ ಬಿರಿದ ದಿನವೇ ಮಳೆ ಬಂದರೂ ಕಷ್ಟ. ರೋಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಗಾಳಿ, ಜೇನು ಬೇರೆ ಗಿಡದಿಂದ ಪರಾಗ ತರಬೇಕು. ಒದ್ದೆಯಾದರೆ ಅದು ಆಗುವುದಿಲ್ಲ. ಕಾಯಿ ನಿಲ್ಲಬೇಕಾದರೆ ಕೆಲವು ವಾರದೊಳಗೆ ಇನ್ನೊಂದು ಮಳೆ ಬರಬೇಕು. ಆಮೇಲೆ ಮುಂಗಾರಿನಲ್ಲಿ ಕಾಯಿ ಉದುರುವ ಭಯ. ಕೊನೆಗೆ ಕೊಯ್ದು ಕಣದಲ್ಲಿ ಹರಡಿದಾಗ ಅಕಾಲದ ಮಳೆಯ ಭಯ. ಮಾರ್ಚಿನ ಹೂವಿಗೂ ಮುಂದಿನ ಜನವರಿ, ಫೆಬ್ರವರಿಯ ಕೊಯ್ಲಿಗೂ ನಡುವೆ ಹತ್ತು ಹನ್ನೊಂದು ತಿಂಗಳು ಇದೆ.

ಅಜ್ಜನ “ಪರವಾಗಿಲ್ಲ” ಈ ಹತ್ತು ಹನ್ನೊಂದು ತಿಂಗಳನ್ನೂ ನೋಡುತ್ತಾ ಆಡಿದ ಮಾತು. ಇವತ್ತಿನವರೆಗೆ ಯಾವ ತೊಡಕೂ ಆಗಿಲ್ಲ, ಮುಂದಿನದು ನನ್ನ ಕೈಯಲ್ಲಿಲ್ಲ ಅಂತ. ಹೊಗಳಿಕೆಯೂ ಎಚ್ಚರವೂ ಒಂದೇ ಮಾತಿನಲ್ಲಿ ಇವೆ. ಇದು ಗೊತ್ತಾದಾಗ ನನ್ನ ಎರಡನೇ ಯೋಚನೆಯೂ ಬಿದ್ದುಹೋಯಿತು. ‘ವೆರಿ ಗುಡ್’ ಅಥವಾ ‘ಎಕ್ಸಲೆಂಟ್’ ಅಂತ ಹಾಕಿಬಿಡೋಣ, ಅರ್ಥ ಸರಿಹೋಗುತ್ತದೆ ಅಂದುಕೊಂಡಿದ್ದೆ. ಹೊಗಳಿಕೆ ಸಿಗುತ್ತಿತ್ತು, ಎಚ್ಚರ ಹೋಗುತ್ತಿತ್ತು. ಆ ಅಜ್ಜ ಮಾರ್ಚಿನಲ್ಲಿ ತನ್ನ ತೋಟವನ್ನು ಎಕ್ಸಲೆಂಟ್ ಅನ್ನುವ ಮನುಷ್ಯ ಅಲ್ಲವೇ ಅಲ್ಲ.

ಉಳಿದದ್ದು ‘ನಾಟ್ ಬ್ಯಾಡ್’. ಇಂಗ್ಲಿಷಿನಲ್ಲೂ, ಅದರಲ್ಲೂ ಇಂಗ್ಲೆಂಡಿನವರ ಬಾಯಲ್ಲಿ, ಅದು ಒಳ್ಳೆಯ ಹೊಗಳಿಕೆ. ಹೀಗೆ ಎದುರಿನ ಪದವನ್ನು ಅಲ್ಲಗಳೆದು ಹೊಗಳುವುದಕ್ಕೆ ಗ್ರೀಕ್ ಮೂಲದ ‘ಲಿಟೊಟೀಸ್’ ಅನ್ನುವ ಹೆಸರೂ ಇದೆ. ನೇರವಾಗಿ ಕೂರುತ್ತದೆ ಅಲ್ವಾ? ನನಗೆ ಯಾಕೋ ಪೂರ್ತಿ ಸಮಾಧಾನ ಆಗಲಿಲ್ಲ. ಯಾಕೆ ಅಂತ ಅರ್ಥವಾದದ್ದು ಇನ್ನೊಂದು ಮನೆಯಲ್ಲಿ ನಡೆದ ಸಂಗತಿ ನೆನಪಾದಾಗ.

ನಮ್ಮ ಪರಿಚಯದ ಅಕ್ಕ ಒಬ್ಬರು ಹೋಂಸ್ಟೇ ನಡೆಸುತ್ತಾರೆ. ಇಂಗ್ಲೆಂಡಿನ ಉತ್ತರದ ಕಡೆಯ ವಯಸ್ಸಾದ ಗಂಡ ಹೆಂಡತಿ ಮೂರು ದಿನ ಇದ್ದು ಹೋದರು. ಹೋಗುವಾಗ ಅತಿಥಿಗಳ ಪುಸ್ತಕದಲ್ಲಿ ಪಂದಿ ಕರಿ, ಕಡಂಬುಟ್ಟಿನ ಬಗ್ಗೆ ಒಂದೇ ಸಾಲು ಬರೆದಿದ್ದರು: ‘ನಾಟ್ ಬ್ಯಾಡ್ ಅಟ್ ಆಲ್’. ಅಕ್ಕನ ಮಗ ಅದನ್ನು ಓದಿ ಅಮ್ಮನಿಗೆ ಕನ್ನಡದಲ್ಲಿ ಹೇಳಿದ: “ಅಷ್ಟೇನೂ ಕೆಟ್ಟದಾಗಿಲ್ಲ ಅಂತ ಬರ್ದಿದ್ದಾರೆ.” ಅಕ್ಕನಿಗೆ ಊಟ ಸೇರಲಿಲ್ಲ. ಮೂರು ದಿನ ಒಲೆ ಮುಂದೆ ನಿಂತು ಮಾಡಿದ ಅಡುಗೆ. “ಉಪ್ಪು ಜಾಸ್ತಿ ಆಗಿತ್ತೇನೋ, ಕಾಚಂಪುಳಿಯ ಹುಳಿ ಹಿಡಿಸಲಿಲ್ಲವೇನೋ” ಅಂತ ನನಗೆ ಪುಸ್ತಕ ತೋರಿಸಿದರು. “ನೀವೇ ಓದಿ ನೋಡಿ.”

ಹುಡುಗನ ಅನುವಾದದಲ್ಲಿ ಒಂದು ಪದವೂ ತಪ್ಪಿಲ್ಲ. ‘ಬ್ಯಾಡ್’ ಅಂದರೆ ಕೆಟ್ಟದ್ದು, ‘ನಾಟ್’ ಅಂದರೆ ಇಲ್ಲ, ‘ಅಟ್ ಆಲ್’ ಅಂದರೆ ಏನೂ. ಎಲ್ಲ ಇದೆ. ಆದರೂ ಹೊಗಳಿಕೆ ಬೈಗುಳ ಆಯಿತು. ಯಾಕೆಂದರೆ ಕನ್ನಡದಲ್ಲಿ ‘ಕೆಟ್ಟದ್ದಲ್ಲ’, ‘ಕೆಟ್ಟದಾಗಿಲ್ಲ’ ಅನ್ನುವಾಗ ಯಾರೋ ಕೆಟ್ಟದಾಗಿದೆ ಅಂದಿರಬೇಕು, ಅದಕ್ಕೆ ಉತ್ತರ ಕೊಡುತ್ತಿದ್ದೇವೆ ಅನ್ನಿಸುತ್ತದೆ. “ಆ ಹುಡುಗ ಕೆಟ್ಟವನೇನಲ್ಲ” ಅಂದರೆ ಹುಡುಗನ ಮೇಲೆ ಏನೋ ದೂರು ಇದೆ ಅಂತಲೇ ಕೇಳುವವರು ತಿಳಿಯುತ್ತಾರೆ. ‘ಅಷ್ಟೇನೂ’ ಸೇರಿದರೆ ಇನ್ನೂ ಕಡೆ. ಸ್ವಲ್ಪ ಕೆಟ್ಟದಾಗಿದೆ ಅಂತಲೇ ಅರ್ಥ. ಇಂಗ್ಲಿಷಿನ ‘ಅಟ್ ಆಲ್’ ಹೊಗಳಿಕೆಯನ್ನು ಎತ್ತುತ್ತದೆ. ನಮ್ಮ ‘ಅಷ್ಟೇನೂ’ ಇಳಿಸುತ್ತದೆ.

ಕನ್ನಡದಲ್ಲಿ ನಾವು ನಿಜವಾಗಿ ಹೇಗೆ ಕಡಿಮೆ ಹೇಳಿ ಹೊಗಳುತ್ತೇವೆ ಅಂತ ಒಂದೊಂದೇ ನೆನಪು ಮಾಡಿಕೊಂಡೆ. ಪರವಾಗಿಲ್ಲ. ಅಡ್ಡಿಯಿಲ್ಲ. ಊಟಕ್ಕೇನೂ ಮೋಸ ಇಲ್ಲ. ಯಾರಿಗೂ ಕಮ್ಮಿ ಇಲ್ಲ. ಎರಡು ಮಾತಿಲ್ಲ. ಹೆಸರಿಡೋ ಹಾಗಿಲ್ಲ. ಬೊಟ್ಟು ಮಾಡಿ ತೋರಿಸೋ ಹಾಗಿಲ್ಲ. ಎಲ್ಲದರ ಕೊನೆಯಲ್ಲೂ ‘ಇಲ್ಲ’. ಒಂದರಲ್ಲೂ ‘ಅಲ್ಲ’ ಇಲ್ಲ.

ಕನ್ನಡದಲ್ಲಿ ಅಲ್ಲಗಳೆಯೋಕೆ ಎರಡು ಪದ ಇವೆ ಅಂತ ನಮಗೆ ದಿನಾ ಗೊತ್ತಿರುವುದಿಲ್ಲ. ಅದು ಇದಲ್ಲ ಅನ್ನೋಕೆ ‘ಅಲ್ಲ’. ಆ ವಸ್ತು ಇರುವುದೇ ಇಲ್ಲ ಅನ್ನೋಕೆ ‘ಇಲ್ಲ’. ಇಂಗ್ಲಿಷಿನ ‘ನಾಟ್ ಬ್ಯಾಡ್’ ಮೊದಲನೆಯದರ ಜಾತಿ. ಇದು ಕೆಟ್ಟದ್ದು ಅನ್ನುವ ಗುಂಪಿಗೆ ಸೇರಿದ್ದಲ್ಲ ಅಂತ. ನಮ್ಮ ಹೊಗಳಿಕೆಗಳು ಎರಡನೆಯ ಜಾತಿ. ಇಲ್ಲಿ ಅಡ್ಡಿ ಇಲ್ಲ, ಮೋಸ ಇಲ್ಲ, ಹೆಸರಿಡುವುದಕ್ಕೆ ಜಾಗ ಇಲ್ಲ. ‘ಪರವಾಗಿಲ್ಲ’ದಲ್ಲಿರುವ ‘ಪರವಾ’ ಕೂಡ ಪಾರ್ಸಿಯಿಂದ ಬಂದ, ಚಿಂತೆ ಅನ್ನುವ ಅರ್ಥದ ಪದ. ಚಿಂತೆ ಮಾಡುವಂಥದ್ದು ಇಲ್ಲಿ ಏನೂ ಇಲ್ಲ. ಹುಡುಕಿ ನೋಡಿದೆ, ಕೊರತೆ ಸಿಗಲಿಲ್ಲ ಅಂತ. ಅಜ್ಜ ಕೊಂಬೆ ಬಗ್ಗಿಸಿ ಗೆಣ್ಣು ಗೆಣ್ಣು ನೋಡಿದ್ದು ಅದಕ್ಕೇ. ಮಾತಿಗೆ ಮೊದಲು ಕೈ ಹುಡುಕುತ್ತಿತ್ತು.

ಅಕ್ಕನಿಗೆ ನಾನು ಹೇಳಿದ್ದು: “ಅವರು ಬರೆದದ್ದು ಹೆಸರಿಡೋ ಹಾಗಿಲ್ಲ ಅಂತ ಅಕ್ಕ.” ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಸಮಾಧಾನಕ್ಕೆ ಹೇಳುತ್ತಿದ್ದೇನಾ ಅಂತ. ಆಮೇಲೆ ಪುಸ್ತಕವನ್ನು ಮಗನ ಕೈಗೆ ಕೊಟ್ಟು “ಸರಿಯಾಗಿ ಓದೋಕೆ ಕಲಿ” ಅಂದರು. ಪಾಪ, ಹುಡುಗ ಸರಿಯಾಗೇ ಓದಿದ್ದ.

ಕೊಡಗಿನಲ್ಲಿ ಇರುವವರಿಗೆ ಇನ್ನೊಂದು ಅನುಕೂಲ ಇದೆ. ನಮ್ಮ ಸಂತೆಯಲ್ಲಿ ಒಂದು ಗಂಟೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ, ತಮಿಳು, ತುಳು ಎಲ್ಲ ಕಿವಿಗೆ ಬೀಳುತ್ತವೆ. ಗೋಣಿಕೊಪ್ಪದ ಅಂಗಡಿಯಲ್ಲಿ ಮಲಯಾಳದವರು ಮೀನು ನೋಡಿ ‘ಕುಳಪ್ಪಮಿಲ್ಲ’ ಅಂದರೆ ತೊಂದರೆ ಇಲ್ಲ, ಚೆನ್ನಾಗಿಯೇ ಇದೆ ಅಂತ. ತಮಿಳಿನ ‘ಪರವಾಯಿಲ್ಲೈ’ ನಮ್ಮ ಪರವಾಗಿಲ್ಲದ ಒಡಹುಟ್ಟು. ಅಲ್ಲೂ ‘ಇಲ್ಲ’ವೇ ಕೆಲಸ ಮಾಡುವುದು. ಈ ಭಾಷೆಗಳ ನಡುವೆ ಮಾತು ದಾಟುವಾಗ ಹೊಗಳಿಕೆ ಸೋರುವುದಿಲ್ಲ. ಪದಕ್ಕೆ ಪದ ಇಟ್ಟರೂ ನಡೆಯುತ್ತದೆ. ಅದಕ್ಕೇ ಇಂಗ್ಲಿಷಿಗೆ ದಾಟುವಾಗಲೂ ಹಾಗೇ ನಡೆಯುತ್ತದೆ ಅಂತ ನಾನು ನಂಬಿಕೊಂಡಿದ್ದೆ.

ಎಲ್ಲ ಭಾಷೆಯಲ್ಲೂ ಈ ಮಾತುಗಳು ಒಂದೇ ಹಂತದಲ್ಲಿ ಇರುವುದಿಲ್ಲ. ಚೀನೀ ಭಾಷೆಯಲ್ಲಿ ‘ಬು ತ್ಸುವೊ’ ಅಂತ ಒಂದು ಮಾತಿದೆ. ಪದದ ಅರ್ಥ ತಪ್ಪಲ್ಲ ಅಂತ. ಬಳಸಿ ಬಳಸಿ ಈಗ ಅದು ನೇರವಾಗಿ ಚೆನ್ನಾಗಿದೆ ಅಂತಲೇ ಆಗಿದೆ. ಅದನ್ನು ಕನ್ನಡಕ್ಕೆ ತರುವಾಗ ‘ತಪ್ಪಲ್ಲ’ ಅಂತ ಉಳಿಸಿಕೊಳ್ಳಬೇಕಾಗಿಲ್ಲ. ಚೆನ್ನಾಗಿದೆ ಅಂದರೆ ಸಾಕು. ನಮ್ಮ ಪರವಾಗಿಲ್ಲ ಹಾಗೆ ಸವೆದಿಲ್ಲ. ಇನ್ನೂ ಮೇಲೆ ಕೆಳಗೆ ಓಡಾಡುತ್ತಿದೆ. ಆದ್ದರಿಂದ ಪ್ರತಿ ಸಲವೂ ಅದು ಎಲ್ಲಿ ನಿಂತಿದೆ ಅಂತ ನೋಡಲೇಬೇಕು.

ಇದರಲ್ಲಿ ಒಂದು ವಿಚಿತ್ರ ಇದೆ. ‘ಪರವಾಗಿಲ್ಲ’ ಅಂದರೆ ನಡುಮಟ್ಟದಿಂದ ಮೇಲಿನ ತುದಿಯವರೆಗೆ ಎಲ್ಲಿ ಬೇಕಾದರೂ ಇರಬಹುದು. ಆದರೆ ‘ಚೆನ್ನಾಗಿಲ್ಲ’ ಅಂದರೆ? ನಡುಮಟ್ಟ ಅಂತ ಯಾರೂ ತಿಳಿಯುವುದಿಲ್ಲ. ಕೆಟ್ಟದಾಗಿದೆ ಅಂತಲೇ ತಿಳಿಯುತ್ತೇವೆ. ಇಂಗ್ಲಿಷಿನಲ್ಲೂ ಹಾಗೇ. ಮೂಗು ಮುರಿಯುವುದನ್ನು ಮೆತ್ತಗೆ ಮಾಡೋಕೆ ಎಲ್ಲರೂ ‘ಚೆನ್ನಾಗಿಲ್ಲ’ದ ಹಿಂದೆ ಅಡಗುತ್ತಾರೆ. ಹಾಗಾಗಿ ಅದು ಕೆಟ್ಟದ್ದಕ್ಕೇ ಅಂಟಿಕೊಂಡಿದೆ. ಹೊಗಳುವಾಗ ಅಡಗುವ ಅಗತ್ಯ ಎಲ್ಲರಿಗೂ ಇರುವುದಿಲ್ಲ. ಅಗತ್ಯ ಇರುವವರು ಯಾರು ಅಂತ ಗೊತ್ತಿದ್ದರೆ ಮಾತ್ರ ಆ ಹೊಗಳಿಕೆ ಕೇಳಿಸುತ್ತದೆ.

ಡೆನ್ಮಾರ್ಕಿನ ಭಾಷಾ ವಿದ್ವಾಂಸ ಒಟ್ಟೊ ಯೆಸ್ಪರ್ಸನ್ ನೂರು ವರ್ಷಗಳ ಹಿಂದೆಯೇ ಇದರ ಬಗ್ಗೆ ಬರೆದಿದ್ದಾರೆ. ‘ಅಪರೂಪವಲ್ಲ’ ಅನ್ನುವುದು ‘ಸಾಮಾನ್ಯ’ ಅನ್ನುವುದಕ್ಕಿಂತ ಬಲ ಕಡಿಮೆಯ ಮಾತು, ಸುತ್ತು ಬಳಸಿ ಬರುವಾಗ ಹೇಳುವವರ ಹಿಂಜರಿಕೆಯೂ ಜೊತೆಗೆ ಬರುತ್ತದೆ ಅಂತ. ಹಿಂಜರಿಕೆ ಬರುತ್ತದೆ ಅನ್ನುವುದನ್ನು ಒಪ್ಪುತ್ತೇನೆ. ಬಲ ಕಡಿಮೆ ಅನ್ನುವುದನ್ನು ಈ ಅಜ್ಜನ ವಿಷಯದಲ್ಲಿ ಒಪ್ಪಲಾರೆ. ಅವರ ಮಾತಿನ ಬಲ ಇರುವುದೇ ಆ ಹಿಂಜರಿಕೆಯಲ್ಲಿ.

ಮತ್ತೆ ನನ್ನ ಹದಿನಾಲ್ಕನೇ ನಿಮಿಷಕ್ಕೆ ಬರುತ್ತೇನೆ. ಸಬ್‌ಟೈಟಲ್ ಬರೆಯುವವರಿಗೆ ಜಾಗದ ಲೆಕ್ಕ ಇದೆ. ಒಂದು ಸಲಕ್ಕೆ ಎರಡು ಸಾಲು, ಒಂದು ಸಾಲಿಗೆ 42 ಅಕ್ಷರದ ಒಳಗೆ. ನೋಡುವವರು ಓದಿ ಮುಗಿಸಬೇಕಾದರೆ ಸೆಕೆಂಡಿಗೆ 17 ಅಕ್ಷರ ಅಂತ ನಾನು ಇಟ್ಟುಕೊಳ್ಳುತ್ತೇನೆ. ಪದಗಳ ನಡುವಿನ ಜಾಗವೂ ಲೆಕ್ಕಕ್ಕೆ ಸೇರುತ್ತದೆ. ಅಜ್ಜನ ಮಾತು ಒಂದೇ ಸೆಕೆಂಡು. ಅದರ ನಂತರದ ಮೌನದಲ್ಲಿ ಅಕ್ಷರ ಉಳಿಸಬಾರದು ಅಂತ ನಾನೇ ತೀರ್ಮಾನ ಮಾಡಿದ್ದೆ. ಆ ಎರಡು ಸೆಕೆಂಡು ನೋಡುವವರ ಕಣ್ಣು ಕೆಳಗಿನ ಅಕ್ಷರದ ಮೇಲೆ ಇದ್ದರೆ ಅಜ್ಜನ ಮುಖ ತಪ್ಪಿಹೋಗುತ್ತದೆ. ಮಾತಿನಲ್ಲಿ ಇಲ್ಲದ ಅರ್ಧ ಹೊಗಳಿಕೆ ಆ ಮುಖದಲ್ಲಿತ್ತು. ಅಂದರೆ ನನಗೆ ಸಿಕ್ಕಿದ್ದು 17 ಅಕ್ಷರ.

‘ನಾಟ್ ಬ್ಯಾಡ್ ಅಟ್ ಆಲ್’ ಇಂಗ್ಲಿಷಿನಲ್ಲಿ ಬರೆದರೆ 14. ಜಾಗ ಸಾಕು. ಇಂಗ್ಲೆಂಡಿನವರಿಗೆ ಅರ್ಥವೂ ಆಗುತ್ತದೆ. ಆದರೆ ಅದರಲ್ಲಿ ಸ್ವಲ್ಪ ಅಚ್ಚರಿ ಇದೆ. ಇಷ್ಟು ಚೆನ್ನಾಗಿರುತ್ತದೆ ಅಂದುಕೊಂಡಿರಲಿಲ್ಲ ಅನ್ನುವಂಥದ್ದು. ಹೂವಿನ ಎದುರು ಅಜ್ಜನಿಗೆ ಅಚ್ಚರಿ ಇರಲಿಲ್ಲ. ಅಚ್ಚರಿ ಇದ್ದದ್ದು ಮೊಮ್ಮಗಳ ಕೆಲಸ ನೋಡಿದಾಗ. “ಪರವಾಗಿಲ್ವೇ” ಅನ್ನುವುದರ ಕೊನೆಯ ಆ ‘ಏ’ಯಲ್ಲಿ ಅದು ಇದೆ. ಹಾಗಾಗಿ ‘ನಾಟ್ ಬ್ಯಾಡ್ ಅಟ್ ಆಲ್’ ಅನ್ನು ಹತ್ತೊಂಬತ್ತನೇ ನಿಮಿಷಕ್ಕೆ ಕಳಿಸಿದೆ, ಅಚ್ಚರಿಯ ಚಿಹ್ನೆ ಹಾಕಿ. ಅಲ್ಲಿ ಅದು ಚೆನ್ನಾಗಿ ಕೂತಿತು.

‘ಕುಡ್ ಬಿ ವರ್ಸ್’ ಕೂಡ ನೋಡಿದೆ. ಇದಕ್ಕಿಂತ ಕೆಟ್ಟದಾಗಬಹುದಿತ್ತು ಅನ್ನುವುದು ಇಂಗ್ಲಿಷಿನಲ್ಲಿ ಚೆನ್ನಾಗಿದ್ದೇನೆ ಅನ್ನೋಕೂ ಆಗುತ್ತದೆ. ಕನ್ನಡದಲ್ಲಿ ಆ ವಾಕ್ಯ ಸಮಾಧಾನದ ಮಾತು ಮಾತ್ರ. ಕೊಡಗಿನಲ್ಲಿ 2018ರ ಆಗಸ್ಟ್ ನಂತರ ಅದನ್ನು ಹಗುರವಾಗಿ ಹೇಳೋಕೂ ಆಗುವುದಿಲ್ಲ. ಗುಡ್ಡ ಕುಸಿದು ಮನೆ, ತೋಟ ಹೋದವರು ಫೋನಿನಲ್ಲಿ “ಪರವಾಗಿಲ್ಲ, ಜೀವ ಉಳೀತಲ್ಲ” ಅಂದದ್ದನ್ನು ನಾವೆಲ್ಲ ಕೇಳಿದ್ದೇವೆ. ಅಲ್ಲಿ ಆ ಮಾತು ಅಕ್ಷರಕ್ಕೆ ಅಕ್ಷರ ನಿಜ. ಅದನ್ನು ಹೂ ಬಿಟ್ಟ ಗಿಡದ ಮುಂದೆ ತಂದು ಇಡಲು ಮನಸ್ಸು ಬರಲಿಲ್ಲ.

ಕೊನೆಗೆ ಸಿಕ್ಕಿದ್ದು ‘ನೋ ಕಂಪ್ಲೇಂಟ್ಸ್’. ಇಂಗ್ಲಿಷಿನಲ್ಲಿ 13 ಅಕ್ಷರ. ಇದು ಇಂಗ್ಲಿಷಿನವರು ನಿಜವಾಗಿ ಆಡುವ ಮಾತು. ಕಡಿಮೆ ಹೇಳಿ ಹೊಗಳುವ ಮಾತು. ಮುಂದಿನ ತಿಂಗಳುಗಳ ಬಗ್ಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು, ಅದರ ಕಟ್ಟು ನಮ್ಮ ‘ಇಲ್ಲ’ದ ಕಟ್ಟು. ದೂರು ಇಲ್ಲ. ಹುಡುಕಿದೆ, ಸಿಗಲಿಲ್ಲ. ಬೆಲೆಯ ಮಾತಿಗೆ ‘ಫೇರ್ ಇನಫ್’ ಇಟ್ಟೆ, ನರ್ಸರಿ ಗಿಡಕ್ಕೆ ‘ದಟ್ಸ್ ಆಲ್ ರೈಟ್’. ಒಂದೇ ಕನ್ನಡ ಪದಕ್ಕೆ ನಾಲ್ಕು ಇಂಗ್ಲಿಷ್ ಮಾತು ಹಾಕಿದ್ದು ನನಗೆ ಇದೇ ಮೊದಲು. ಅದೇ ಸ್ನೇಹಿತರಿಗೆ ಹುಡುಗಿ ಮತ್ತೆ ತೋರಿಸಿದಳು. ಈ ಸಲ ಯಾರೂ ಬೇಜಾರಿನ ಪ್ರಶ್ನೆ ಕೇಳಲಿಲ್ಲ. ಒಬ್ಬರು ಆ ಜಾಗದಲ್ಲಿ ಮೆಲ್ಲಗೆ ನಕ್ಕರಂತೆ.

ಮಳೆ ಬಿಟ್ಟ ಮೇಲೆ ನಾನೂ ಹುಡುಗಿಯೂ ಅಜ್ಜನ ಮನೆಗೆ ಹೋಗಿದ್ದೆವು. ಜಗುಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ಚಿತ್ರ ತೋರಿಸಿದೆವು. ಹೂವಿನ ದೃಶ್ಯ ಬಂದಾಗ ಮೊಮ್ಮಗಳು ಕೆಳಗಿನ ಅಕ್ಷರ ಓದಿ ಅಜ್ಜನಿಗೆ ಕನ್ನಡದಲ್ಲಿ ಹೇಳಿದಳು: “ದೂರೇನೂ ಇಲ್ಲ ಅಂತ ಹಾಕಿದ್ದಾರೆ ಅಜ್ಜ.” ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅನುವಾದವನ್ನು ಮತ್ತೆ ಮೂಲದ ಭಾಷೆಗೆ ತಿರುಗಿಸಿ ನೋಡುವುದು ನಮ್ಮ ಕೆಲಸದಲ್ಲಿ ಒಂದು ಪರೀಕ್ಷೆ. ಆದರೆ ಮಾತು ಆಡಿದವರ ಎದುರೇ ಅದು ನಡೆದದ್ದನ್ನು ನಾನು ಇದುವರೆಗೆ ನೋಡಿರಲಿಲ್ಲ.

ಅಜ್ಜ ಸ್ವಲ್ಪ ಹೊತ್ತು ಯೋಚನೆ ಮಾಡಿದರು.

“ದೂರು ಅಂದ್ರೆ ಯಾರ ಮೇಲಮ್ಮ?” ಅಂತ ನನ್ನನ್ನು ಕೇಳಿದರು. “ಮಳೆ ಮೇಲೆ ನಾವು ದೂರು ಹೇಳೋದುಂಟಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಹೇಳಿದ್ದು ಸರಿ. ಇಂಗ್ಲಿಷಿನ ಕಂಪ್ಲೇಂಟ್‌ಗೆ ಎದುರಿಗೆ ಒಬ್ಬರು ಬೇಕು. ಅಂಗಡಿಯವರೋ, ಆಫೀಸಿನವರೋ, ದೇವರೋ. ಪರವಾಗಿಲ್ಲಕ್ಕೆ ಯಾರೂ ಬೇಡ. ಆ ಕಟ್ಟಿನಲ್ಲಿ ಒಂದು ಮೂಲೆ ಹೊಂದಿಲ್ಲ ಅಂತ ಅಜ್ಜನಿಗೆ ಒಂದೇ ಸಲಕ್ಕೆ ಕಂಡಿತ್ತು. ಮನೆಗೆ ಬಂದು ಫೈಲ್ ತೆರೆದು ತುಂಬ ಹೊತ್ತು ಕೂತೆ. 17 ಅಕ್ಷರದಲ್ಲಿ ಇದಕ್ಕಿಂತ ಹತ್ತಿರದ ಮಾತು ಸಿಗಲಿಲ್ಲ. ‘ನೋ ಕಂಪ್ಲೇಂಟ್ಸ್’ ಅನ್ನೇ ಉಳಿಸಿದೆ. ಅಕ್ಷರ ತೆರೆಯ ಮೇಲೆ ಇರುವ ಹೊತ್ತನ್ನು ಮಾತ್ರ ಇನ್ನೊಂದಿಷ್ಟು ಕಡಿಮೆ ಮಾಡಿ, ಅಜ್ಜನ ಮುಖಕ್ಕೆ ಬಿಟ್ಟುಕೊಟ್ಟೆ.